ಯುಗಾದಿಗೆ ಬರಬೇಕಿದ್ದ 1.0 ಯಾಕೆ ಬರಲಿಲ್ಲ: ಡ್ರೈ ರನ್ ಲೆಕ್ಕ ತಪ್ಪಿದ್ದು ಎಲ್ಲಿ

ಬೋರ್‌ವೆಲ್ ಪಂಪ್ ಕಂಟ್ರೋಲರ್‌ನ 1.0 ಆವೃತ್ತಿಯನ್ನು ಯುಗಾದಿ ಹಬ್ಬಕ್ಕೆ ಬಿಡುತ್ತೇವೆ ಎಂದು ಹೇಳಿದ್ದೆವು. ಹಬ್ಬ ಮುಗಿದು ವಾರಗಳಾದವು, ಬಿಟ್ಟಿಲ್ಲ. ಕಾರಣ ಒಂದೇ. ಬೋರಿನಲ್ಲಿ ನೀರು ಮುಗಿದು ಮೋಟರ್ ಒಣಗಿ ಓಡುವಾಗ, ಅಂದರೆ ಡ್ರೈ ರನ್ ಆದಾಗ, ಅದನ್ನು ನಿಲ್ಲಿಸಬೇಕಾದ ಭಾಗ ರಾತ್ರಿ ಹೊತ್ತು ಕೆಲಸ ಮಾಡುತ್ತಿರಲಿಲ್ಲ. ಅದು ಗೊತ್ತಾದ ದಿನದಿಂದ ಇವತ್ತಿನವರೆಗೆ ಏನೇನು ಮಾಡಿದೆವು, ಯಾವುದು ಸೋತಿತು, ಮುಂದೆ ಏನು ಬದಲಾಗುತ್ತದೆ ಎನ್ನುವುದು ಕೆಳಗಿದೆ.

ಈಗಾಗಲೇ 0.9 ಹಾಕಿಕೊಂಡಿರುವ 14 ಜನ ಉಳಿದದ್ದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಸಾಧನದ ನಂಬರಿಗೆ ಈ ಎರಡು ಎಸ್ಸೆಮ್ಮೆಸ್ ಕಳಿಸಿ:

```
SET NIGHT 0
SET MAXRUN 25
```

ಮೊದಲನೆಯದು ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ತಾನಾಗಿ ಶುರುವಾಗುವುದನ್ನು ತಡೆಯುತ್ತದೆ. ಎರಡನೆಯದು ಒಂದು ಸಲಕ್ಕೆ 25 ನಿಮಿಷಕ್ಕಿಂತ ಹೆಚ್ಚು ಓಡದಂತೆ ಕಟ್ಟಿಹಾಕುತ್ತದೆ. ನಿಮ್ಮ ಬೋರು 25 ನಿಮಿಷಕ್ಕೂ ಮೊದಲೇ ಗಾಳಿ ಎಳೆಯುವುದಾದರೆ ಆ ಅಂಕಿಯನ್ನು ಇನ್ನೂ ಇಳಿಸಿ. ಇದು ತಾತ್ಕಾಲಿಕ ಏರ್ಪಾಡು ಮಾತ್ರ, ಆದರೆ ಮೋಟರ್ ಉಳಿಯುತ್ತದೆ.

ಫೆಬ್ರವರಿ 22, ರಾತ್ರಿ

ಚಿಂತಾಮಣಿ ತಾಲೂಕಿನ ಒಂದು ತೋಟದ ಬೋರು. 7.5 ಎಚ್‌ಪಿ ಸಬ್‌ಮರ್ಸಿಬಲ್, 620 ಅಡಿಗೆ ಇಳಿಸಿದ್ದು, ಮೋಟರನ್ನು ನೇರವಾಗಿ ಲೈನಿಗೆ ಹಾಕುವ ಡಿಓಎಲ್ ಸ್ಟಾರ್ಟರ್. ಮೋಟರಿಗೆ ಎರಡು ಸಲ ವೈಂಡಿಂಗ್ ಆಗಿದೆ. ರಾತ್ರಿ ತ್ರೀ ಫೇಸ್ ಬಂತು, ಕಂಟ್ರೋಲರ್ ಮೋಟರ್ ಹಾಕಿತು, ಸ್ವಲ್ಪ ಹೊತ್ತಿಗೆ ನೀರು ನಿಂತಿತು. ಮೋಟರ್ ಮಾತ್ರ ನಿಲ್ಲಲಿಲ್ಲ. ಕರೆಂಟ್ ಹೋಗುವವರೆಗೆ 34 ನಿಮಿಷ ಒಣಗಿಕೊಂಡೇ ಓಡಿದೆ.

ಸಬ್‌ಮರ್ಸಿಬಲ್ ಮೋಟರಿಗೆ ಸುತ್ತಲೂ ಹರಿಯುವ ನೀರೇ ತಂಪು. ಪಂಪಿನ ಬುಷ್‌ಗಳಿಗೆ ಅದೇ ನೀರು ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಹರಿವು ನಿಂತರೆ ಬುಷ್ ಸವೆಯುತ್ತದೆ, ಮೋಟರಿನ ಒಳಗಿನ ನೀರು ಕಾದು ತಳದ ಥ್ರಸ್ಟ್ ಬೇರಿಂಗ್ ಹೋಗುತ್ತದೆ. ಇಲ್ಲೂ ಹಾಗೇ ಆಯಿತು. ಪೈಪ್ ಸಮೇತ ಎತ್ತಿ ಇಳಿಸಲು ₹9,000, ಥ್ರಸ್ಟ್ ಬೇರಿಂಗ್ ಮತ್ತು ಬುಷ್‌ಗೆ ₹6,400. ಅಷ್ಟನ್ನೂ ನಾವೇ ಕೊಟ್ಟಿದ್ದೇವೆ, ಏಕೆಂದರೆ ತಪ್ಪು ನಮ್ಮದು. ಆ ರೈತರು ಆರು ದಿನ ಪಕ್ಕದ ತೋಟದವರ ನೀರಿನಲ್ಲಿ ಟೊಮೇಟೊ ಉಳಿಸಿಕೊಂಡರು. ಅದಕ್ಕೆ ನಮ್ಮ ಹತ್ತಿರ ಪರಿಹಾರವಿಲ್ಲ.

ಫೆಬ್ರವರಿ 24: ಲಾಗ್ ಓದಿದ್ದು

0.9ರಲ್ಲಿ ಡ್ರೈ ರನ್ ಗುರುತಿಸುವ ವಿಧಾನ ಬಹಳ ಸರಳ. ಮೊದಲ ದಿನ ನೀರು ಚೆನ್ನಾಗಿ ಬರುವಾಗ ಆಂಪ್ಸ್ ಎಷ್ಟು ಎಂದು ಕಲಿತುಕೊಳ್ಳುವುದು, ಅದರ ಶೇಕಡಾ 75ಕ್ಕಿಂತ ಕೆಳಗೆ ಇಳಿದು ಎಂಟು ಸೆಕೆಂಡ್ ನಿಂತರೆ ಮೋಟರ್ ಆಫ್ ಮಾಡುವುದು. ಪೇಟೆಯಲ್ಲಿ ಸಿಗುವ ಬಹಳಷ್ಟು ಅಗ್ಗದ ಪ್ಯಾನಲ್‌ಗಳು ಮಾಡುವುದೂ ಇದನ್ನೇ. ಈ ಬೋರಿನಲ್ಲಿ ಕಲಿತ ಅಂಕಿ 15.0 ಆಂಪ್ಸ್, ಮಿತಿ 11.25. ಒಣಗಿ ಓಡಿದ 34 ನಿಮಿಷದುದ್ದಕ್ಕೂ ಲಾಗ್‌ನಲ್ಲಿ 11.6 ಇದೆ. ಅಂದರೆ ಪ್ರೋಗ್ರಾಂ ನಾವು ಬರೆದ ಹಾಗೇ ನಡೆದಿದೆ. ಕೆಟ್ಟದ್ದು ನಾವು ಹಾಕಿದ ಲೆಕ್ಕ.

ಮೋಟರ್ ಎತ್ತಿ ಸರಿಮಾಡಿ ಇಳಿಸಿದ ಮೇಲೆ ಮನೆಯವರ ಒಪ್ಪಿಗೆ ಪಡೆದು ನಾಲ್ಕು ಸ್ಥಿತಿಗಳಲ್ಲಿ ಅಳೆದೆವು. ಕ್ಲ್ಯಾಂಪ್ ಮೀಟರ್, ಎರಡು ಫೇಸ್ ನಡುವಿನ ವೋಲ್ಟೇಜ್ ನೋಡಲು ಮಲ್ಟಿಮೀಟರ್, ಎಳೆಯುವ ಕರೆಂಟಿನಲ್ಲಿ ಎಷ್ಟು ಪಾಲು ಕೆಲಸಕ್ಕೆ ಹೋಗುತ್ತದೆ ಎಂದು ಹೇಳುವ ಪವರ್ ಫ್ಯಾಕ್ಟರ್ ನೋಡಲು ಬಾಡಿಗೆಗೆ ತಂದ ಪವರ್ ಅನಲೈಸರ್. ಒಣ ಅಳತೆಗೆ ಪ್ರತಿ ಸಲ 20 ಸೆಕೆಂಡ್‌ ಮೀರಲಿಲ್ಲ.

| ಸ್ಥಿತಿ | ವೋಲ್ಟೇಜ್ | ಆಂಪ್ಸ್ | ಪವರ್ ಫ್ಯಾಕ್ಟರ್ | ಕಿಲೋವ್ಯಾಟ್ |
|---|---|---|---|---|
| ಹಗಲು, ತುಂಬು ನೀರು | 360 | 15.0 | 0.83 | 7.8 |
| ಹಗಲು, ನೀರು ಸಣ್ಣಗಾದಾಗ | 360 | 11.7 | 0.74 | 5.4 |
| ಹಗಲು, ಒಣ | 360 | 8.2 | 0.39 | 2.0 |
| ರಾತ್ರಿ, ಒಣ | 445 | 11.6 | 0.26 | 2.3 |

ಎರಡನೇ ಮತ್ತು ನಾಲ್ಕನೇ ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ನೀರು ಬರುತ್ತಿರುವಾಗ 11.7 ಆಂಪ್ಸ್, ಒಂದು ಹನಿಯೂ ಬರದಿರುವಾಗ 11.6. ಆಂಪ್ಸ್ ಒಂದನ್ನೇ ನೋಡಿ ಇವೆರಡನ್ನು ಬೇರೆ ಮಾಡುವ ಮಿತಿ ಯಾವುದೂ ಇಲ್ಲ. ಶೇಕಡಾ 75ರ ಬದಲು 80 ಮಾಡಿದ್ದರೆ ರಾತ್ರಿ ಮೋಟರ್ ಉಳಿಯುತ್ತಿತ್ತು, ಆದರೆ ಹಗಲು ನೀರು ಸಣ್ಣಗಾದಾಗಲೆಲ್ಲ ಸುಮ್ಮನೆ ನಿಲ್ಲುತ್ತಿತ್ತು.

ಹೀಗಾಗಲು ಕಾರಣ ಮೋಟರಿನ ಒಳಗಿದೆ. ಅದು ಎಳೆಯುವ ಕರೆಂಟಿನಲ್ಲಿ ಒಂದು ಪಾಲು ನೀರೆತ್ತುವ ಕೆಲಸಕ್ಕೆ, ಇನ್ನೊಂದು ಪಾಲು ಬರೀ ಕಬ್ಬಿಣಕ್ಕೆ ಅಯಸ್ಕಾಂತ ಶಕ್ತಿ ತುಂಬಲು. ನೀರು ನಿಂತರೆ ಮೊದಲನೆಯ ಪಾಲು ಇಳಿಯುತ್ತದೆ, ಎರಡನೆಯದು ಹಾಗೇ ಇರುತ್ತದೆ. ಮಧ್ಯರಾತ್ರಿ ಊರಿನ ಲೋಡ್ ಇಳಿದು ವೋಲ್ಟೇಜ್ 445ಕ್ಕೆ ಏರಿದರೆ ಎರಡನೆಯ ಪಾಲು ಉಬ್ಬುತ್ತದೆ. ವೈಂಡಿಂಗ್ ಮಾಡಿಸಿದ ಮೋಟರಿನಲ್ಲಿ ಸುತ್ತು ಕಡಿಮೆ ಬಿದ್ದಿದ್ದರೆ, ಹಳೇ ತಂತಿ ಬಿಚ್ಚಲು ಸುಡುವಾಗ ಒಳಗಿನ ಕಬ್ಬಿಣದ ತಗಡು, ಅಂದರೆ ಸ್ಟ್ಯಾಂಪಿಂಗ್, ಹಾಳಾಗಿದ್ದರೆ, ಇನ್ನೂ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಮ್ಮೆಯೂ ವೈಂಡಿಂಗ್ ಕಾಣದ ಮೋಟರ್ ಹುಡುಕುವುದೇ ಕಷ್ಟ. ಇದನ್ನು ಮೊದಲೇ ಯೋಚಿಸಬೇಕಿತ್ತು.

ಹಾಗಾದರೆ ನಮ್ಮ ಪರೀಕ್ಷೆಯಲ್ಲಿ ಇದು ಸಿಗಲಿಲ್ಲ ಯಾಕೆ? ಎರಡು ತಪ್ಪು. ಹೊಲದಲ್ಲಿ ಮಾಡಿದ ನಿಜವಾದ ಒಣ ಪರೀಕ್ಷೆ ಮೂರೇ, ಮೂರೂ ಹಗಲು ಹೊತ್ತು, ಕಡಿಮೆ ವೋಲ್ಟೇಜಿನಲ್ಲಿ. ಆಗ 8.2 ಆಂಪ್ಸ್‌ಗೆ ಇಳಿದು ಠೀಕಾಗಿ ನಿಂತಿತು. ಉಳಿದ ಪರೀಕ್ಷೆಗಳನ್ನು ಬೋರಿನ ಮೇಲಿನ ಗೇಟ್ ವಾಲ್ವ್ ಮುಚ್ಚಿ ಮಾಡಿದ್ದೆವು. ಅದು ಡ್ರೈ ರನ್ ಅಲ್ಲವೇ ಅಲ್ಲ. ವಾಲ್ವ್ ಮುಚ್ಚಿದಾಗ ಪಂಪ್ ನೀರಿನಲ್ಲೇ ಮುಳುಗಿದ್ದು ಅದೇ ನೀರನ್ನು ಕಲಕುತ್ತಿರುತ್ತದೆ, ಕಿಲೋವ್ಯಾಟ್ ಅರ್ಧಕ್ಕಿಂತ ಮೇಲೇ ಇರುತ್ತದೆ. ಹಾಳೆಯಲ್ಲಿ ‘ಡ್ರೈ ರನ್: 11 ಪರೀಕ್ಷೆ, ಪಾಸ್’ ಎಂದು ಬರೆದುಕೊಂಡಿದ್ದೆವು. ಅದರಲ್ಲಿ ಎಂಟು ಬೇರೆಯದೇ ಪರೀಕ್ಷೆ.

ಮಾರ್ಚ್ 1ರಿಂದ 8: ಮೊದಲ ಪ್ರಯತ್ನ, ಸೋತಿತು

ವೋಲ್ಟೇಜ್ ಏರಿದಷ್ಟು ಪ್ರಮಾಣದಲ್ಲಿ ಮಿತಿಯನ್ನೂ ಏರಿಸಿದರೆ ಸಾಕು ಎಂದುಕೊಂಡೆವು. ಹಬ್ಬಕ್ಕೆ ಮುಟ್ಟಿಸುವ ಆಸೆಯಿಂದ ಹಿಡಿದ ಅಡ್ಡದಾರಿ ಅದು. ಲೆಕ್ಕದ ಪ್ರಕಾರ 360ರಲ್ಲಿ 8.2 ಎಳೆಯುವ ಒಣ ಮೋಟರ್ 445ರಲ್ಲಿ 10.1 ಎಳೆಯಬೇಕು. ಎಳೆದದ್ದು 11.6. ಕಬ್ಬಿಣ ತುಂಬಿಹೋದ ಮೇಲೆ ಒಂದೊಂದು ವೋಲ್ಟಿಗೂ ಕರೆಂಟ್ ನೆಗೆಯುತ್ತದೆ, ಅದು ನೇರ ಗೆರೆಯಲ್ಲ. ಪಕ್ಕದ ತೋಟದಲ್ಲಿ ಹೊಸ ಮೋಟರಿಗೆ ಬೇರೆ ಗೆರೆ, ಅದರಾಚೆಯದಕ್ಕೆ ಇನ್ನೊಂದು. ಒಂದು ವಾರ ಹೋಯಿತು.

ಟೇಬಲ್ಲಿನ ಕೊನೆಯ ಕಾಲಂ ದಾರಿ ತೋರಿಸುತ್ತಿತ್ತು. ಕಿಲೋವ್ಯಾಟ್ ನೋಡಿದರೆ ಸಣ್ಣ ನೀರು 5.4, ಒಣ 2.3. ನಡುವೆ ಬೇಕಾದಷ್ಟು ಜಾಗವಿದೆ. ಕಲಿತ ಕಿಲೋವ್ಯಾಟಿನ ಅರ್ಧ, ಅಂದರೆ ಇಲ್ಲಿ 3.9, ಮಿತಿ ಎಂದು ಇಟ್ಟರೆ ವೋಲ್ಟೇಜ್ ಎಷ್ಟಿದ್ದರೂ ಮೋಸವಾಗದು. ಆದರೆ ಕಿಲೋವ್ಯಾಟ್ ಸಿಗಬೇಕಾದರೆ ವೋಲ್ಟೇಜೂ ಕರೆಂಟೂ ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಓಡುತ್ತಿವೆ ಎಂದು ಅಳೆಯಬೇಕು. ನಮ್ಮ ಬೋರ್ಡಿನಲ್ಲಿ ತಂತಿಯ ಕರೆಂಟ್ ಅಳೆಯುವ ಮೂರು ಸಿಟಿ ಇದ್ದವು, ವೋಲ್ಟೇಜ್ ಅಳೆಯುವ ಭಾಗವೇ ಇರಲಿಲ್ಲ. ಹಾರ್ಡ್‌ವೇರ್ ಮುಟ್ಟದೆ ಗತಿಯಿಲ್ಲ ಎಂದು ಮಾರ್ಚ್ 9ಕ್ಕೆ ಗೊತ್ತಾಯಿತು. ಹಬ್ಬಕ್ಕೆ ಆಗುವುದಿಲ್ಲ ಎಂದು ಹೇಳಬೇಕಾಗಿದ್ದೂ ಅದೇ ದಿನ. ಹೇಳಲಿಲ್ಲ. ಹೇಗಾದರೂ ಮುಗಿಸಿಬಿಡೋಣ ಎಂದು ಸುಮ್ಮನಿದ್ದೆವು. ನಿಮ್ಮಲ್ಲಿ ಕೆಲವರು ಆ ತಾರೀಖು ನಂಬಿ ಹಳೇ ಪ್ಯಾನಲ್ ಬಿಚ್ಚಿಸಿದ್ದೀರಿ. ಅದಕ್ಕಾಗಿ ಕ್ಷಮೆ ಕೇಳುತ್ತೇವೆ.

ಮಾರ್ಚ್ 10ರಿಂದ 24: ಎರಡನೇ ಪ್ರಯತ್ನ, ಅರ್ಧ ಗೆದ್ದು ಸೋತಿತು

ಸ್ಟಾರ್ಟರ್ ಪೆಟ್ಟಿಗೆಗೆ ನ್ಯೂಟ್ರಲ್ ಬರುತ್ತದೆ ಎಂದು ನಂಬುವ ಹಾಗಿಲ್ಲ, ಬಂದರೂ ಅದು ಗಟ್ಟಿಯಾಗಿರುತ್ತದೆ ಎಂದು ನಂಬುವ ಹಾಗಿಲ್ಲ. ಹಾಗಾಗಿ ಎರಡು ಫೇಸ್ ನಡುವೆಯೇ ಅಳೆಯಬೇಕು. ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಕೈಗೆ ಹತ್ತಿರವಾಗಿದ್ದ ಆರ್ ಮತ್ತು ವೈ ಆರಿಸಿಕೊಂಡು, ಆರ್ ತಂತಿಯ ಸಿಟಿಯ ಜೊತೆ ಗುಣಿಸಿದೆವು. ಮೊದಲ ಬೋರಿನಲ್ಲಿ ನೀರಿದ್ದಾಗ ಒಂದು ಅಂಕಿ, ಒಣಗಿದಾಗ ಸೊನ್ನೆಗಿಂತ ಕೆಳಗೆ. ಬಹಳ ಸಂತೋಷವಾಯಿತು. ಶಿಡ್ಲಘಟ್ಟದ ಕಡೆಯ ಎರಡನೇ ಬೋರಿನಲ್ಲಿ ಅದೇ ಬೋರ್ಡ್ ಒಣ ಮೋಟರಿಗೆ 0.71 ತೋರಿಸಿತು. ಅದು ನೀರು ತುಂಬಿ ಬರುವಾಗಿನ ಪವರ್ ಫ್ಯಾಕ್ಟರ್‌ನಂತೆ ಕಾಣುವ ಅಂಕಿ.

ಹುಡುಕಲು ನಾಲ್ಕು ದಿನ ಬೇಕಾಯಿತು. ಆರ್–ವೈ ವೋಲ್ಟೇಜ್ ಆರ್ ಫೇಸಿಗಿಂತ 30 ಡಿಗ್ರಿ ಮುಂದಿರುತ್ತದೆ. ಆದರೆ ಫೇಸ್ ಸರದಿ ತಿರುಗಿದ್ದರೆ 30 ಡಿಗ್ರಿ ಹಿಂದೆ. ಮೋಟರ್ ಉಲ್ಟಾ ತಿರುಗಿ ನೀರು ಕಡಿಮೆ ಬಂದರೆ ಮೆಕ್ಯಾನಿಕ್ ಮಾಡುವುದೇನು? ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ತಂತಿ ಅದಲು ಬದಲು ಮಾಡುತ್ತಾನೆ. ಅದು ಸರಿಯಾದ ಕೆಲಸವೇ. ಕೆಂಪು ತಂತಿಯೆಂದರೆ ಆರ್ ಎಂದು ನಾವು ಊಹಿಸಿದ್ದು ತಪ್ಪು. ತಂತಿಯ ಬಣ್ಣಕ್ಕೂ ಸರದಿಗೂ ಹೊಲದಲ್ಲಿ ಸಂಬಂಧವಿರುವುದಿಲ್ಲ. 60 ಡಿಗ್ರಿಯ ವ್ಯತ್ಯಾಸ ಬರೀ ಸ್ಕ್ರೂಡ್ರೈವರಿನಿಂದ ಬಂದಿತ್ತು.

ಮಾರ್ಚ್ 27: ಮೂರನೇ ಪ್ರಯತ್ನ

ಪರಿಹಾರ ಹಳೆಯ ವಿದ್ಯುತ್ ಪಠ್ಯದಲ್ಲೇ ಇದೆ. ಸಿಟಿ ಯಾವ ತಂತಿಯಲ್ಲಿದೆಯೋ ಅದನ್ನು ಬಿಟ್ಟು ಉಳಿದ ಎರಡರ ನಡುವಿನ ವೋಲ್ಟೇಜ್ ತೆಗೆದುಕೊಳ್ಳಬೇಕು. ಸಿಟಿ ಆರ್‌ನಲ್ಲಿದ್ದರೆ ವೈ–ಬಿ ವೋಲ್ಟೇಜ್. ಅದು ಆರ್ ಫೇಸಿಗೆ ಸರಿಯಾಗಿ 90 ಡಿಗ್ರಿ. ತಂತಿ ಅದಲು ಬದಲಾದರೆ ಗುಣಾಕಾರದ ಚಿಹ್ನೆ ಮಾತ್ರ ಬದಲಾಗುತ್ತದೆ, ಅಂಕಿ ಅಷ್ಟೇ ಇರುತ್ತದೆ. ಹೀಗೆ ಸಿಗುವುದು ಅಯಸ್ಕಾಂತದ ಪಾಲು, ಅದರಿಂದ ಪವರ್ ಫ್ಯಾಕ್ಟರ್ ಹೊರಡಿಸಬಹುದು:

```c
float q = 0, v2 = 0, i2 = 0;
for (int n = 0; n < N; n++) {
  float v = 0.5f * (vYB[n] + vYB[n + 1]);
  q  += v * iR[n];
  v2 += v * v;
  i2 += iR[n] * iR[n];
}
float s  = q / sqrtf(v2 * i2);
float pf = sqrtf(fmaxf(0.0f, 1.0f - s * s));
float kw = 1.732f * sqrtf(v2 / N) * sqrtf(i2 / N) * pf / 1000.0f;
```

ಒಂದು ಸೈಕಲ್ಲಿಗೆ 64 ಸ್ಯಾಂಪಲ್, ಹತ್ತು ಸೈಕಲ್, ಸರಾಸರಿ ಕಳೆದ ಮೇಲೆ ಈ ಲೆಕ್ಕ. ಇಂಡಕ್ಷನ್ ಮೋಟರ್ ಕರೆಂಟ್ ಯಾವಾಗಲೂ ಹಿಂದೆಯೇ ಉಳಿಯುವುದರಿಂದ `s` ಚಿಹ್ನೆ ನೋಡಿದರೆ ಫೇಸ್ ಸರದಿಯೂ ತಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ರಿಪೇರಿ ಆದ ಮೇಲೆ ಲೈನಿನಲ್ಲಿ ಸರದಿ ತಿರುಗಿ ಬಂದರೆ ಮೋಟರನ್ನು ಹಿಡಿದು ನಿಲ್ಲಿಸಬಹುದು. ಬೇರೆ ಬಿಡಿಭಾಗ ಬೇಕಾಗಲಿಲ್ಲ.

ಮೇಲಿನ ಕೋಡಿನಲ್ಲಿ ಎರಡು ವೋಲ್ಟೇಜ್ ಸ್ಯಾಂಪಲ್‌ಗಳ ಸರಾಸರಿ ತೆಗೆಯುವ ಸಾಲಿಗೂ ಒಂದು ತಪ್ಪೇ ಕಾರಣ. ಬೋರ್ಡ್ ವೋಲ್ಟೇಜ್, ಕರೆಂಟ್, ವೋಲ್ಟೇಜ್, ಕರೆಂಟ್ ಎಂದು ಒಂದಾದ ಮೇಲೊಂದು ಓದುತ್ತದೆ. ಎರಡರ ನಡುವೆ 156 ಮೈಕ್ರೋಸೆಕೆಂಡ್, ಅಂದರೆ 2.8 ಡಿಗ್ರಿ ಸುಳ್ಳು. ಇದನ್ನು ಹಿಡಿದದ್ದು ಬಲ್ಬಿನಿಂದ. 200 ವ್ಯಾಟಿನ ಹಳೇ ಹಳದಿ ಬಲ್ಬ್ ಮೂರನ್ನು ಸ್ಟಾರ್ ಕನೆಕ್ಷನ್ ಮಾಡಿ ಮೂರು ಫೇಸಿಗೆ ಹಾಕಿದರೆ ಅಯಸ್ಕಾಂತದ ಪಾಲು ಸೊನ್ನೆ ಬರಬೇಕು. ಬಲ್ಬ್ ಎಳೆಯುವುದು 0.83 ಆಂಪ್ಸ್, 30 ಆಂಪ್ಸಿನ ಸಿಟಿಗೆ ಅದು ಕೇಳಿಸುವುದೇ ಇಲ್ಲ. ತಂತಿಯನ್ನು ಸಿಟಿಯೊಳಗೆ ಹತ್ತು ಸುತ್ತು ಹಾಯಿಸಿದರೆ 8.3ರಂತೆ ಕಾಣುತ್ತದೆ. ಮೊದಲು `s` 0.05 ಬಂತು, ಸರಾಸರಿ ಹಾಕಿದ ಮೇಲೆ 0.01. ಸ್ವಂತವಾಗಿ ಬೋರ್ಡ್ ಕಟ್ಟುವವರು ಈ ಬಲ್ಬ್ ಪರೀಕ್ಷೆ ಮಾಡದೆ ಮೋಟರಿಗೆ ಹಾಕಬೇಡಿ.

ಏಪ್ರಿಲ್ 5: ಮರಿ ಬೋರ್ಡ್

ಹೊಲದ ಪರೀಕ್ಷೆ ಮುಗಿಯುವ ಮುಂಚೆಯೇ 40 ಬೋರ್ಡ್ ಮಾಡಿಸಿಬಿಟ್ಟಿದ್ದೆವು. ಅವನ್ನು ಬಿಸಾಡುವ ಬದಲು ವೋಲ್ಟೇಜ್ ಅಳೆಯುವ ಮರಿ ಬೋರ್ಡ್ ಒಂದನ್ನು ಪಕ್ಕಕ್ಕೆ ಸೇರಿಸುತ್ತಿದ್ದೇವೆ. ಅಳತೆಯ ಪುಟ್ಟ ಟ್ರಾನ್ಸ್‌ಫಾರ್ಮರ್ ZMPT101B ₹110, ಬೋರ್ಡ್ ₹45, ಫ್ಯೂಸ್ ಮತ್ತು ಸರ್ಜ್ ತಡೆ ₹42, ಟರ್ಮಿನಲ್ ₹35, ವೈರು ಗ್ಲ್ಯಾಂಡು ₹30, ರೆಸಿಸ್ಟರ್ ₹8. ಒಟ್ಟು ₹270. ಒಂದು ಸಾಧನದ ಖರ್ಚು ₹2,850ರಿಂದ ₹3,120ಕ್ಕೆ ಏರುತ್ತದೆ. ಮೊದಲೇ ಹಣ ಕೊಟ್ಟವರಿಂದ ವ್ಯತ್ಯಾಸ ಕೇಳುವುದಿಲ್ಲ.

ರೆಡಿ ಮಾಡ್ಯೂಲ್ ತಂದು 445 ವೋಲ್ಟಿಗೆ ಹಾಕಬೇಡಿ, ಅವು 250ರವರೆಗಿನ ಮನೆ ಲೈನಿಗೆ. ನಾವು 82 ಕಿಲೋಓಮ್, ಅರ್ಧ ವ್ಯಾಟಿನ ನಾಲ್ಕು ರೆಸಿಸ್ಟರ್ ಹಾಕಿದ್ದೇವೆ. ವೈ ಕಡೆ ಎರಡು, ಬಿ ಕಡೆ ಎರಡು. ಒಂದೊಂದರ ಮೇಲೆ ಬೀಳುವುದು ಸುಮಾರು 110 ವೋಲ್ಟ್, ಬಿಸಿ 0.15 ವ್ಯಾಟ್. ಒಂದೇ ದೊಡ್ಡ ರೆಸಿಸ್ಟರ್ ಹಾಕಿದರೆ ಅದೊಂದು ಶಾರ್ಟ್ ಆದಾಗ ಇಡೀ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಮೇಲೆ ಬರುತ್ತದೆ.

ಎರಡು ಫೇಸಿನ ತಾಮ್ರದ ನಡುವೆ 8 ಮಿಲಿಮೀಟರ್ ಅಂತರ ಬಿಟ್ಟು, ಮೇಲೆ ಎರಡು ಕೋಟ್ ಇನ್ಸುಲೇಷನ್ ವಾರ್ನಿಷ್ ಬಳಿದಿದ್ದೇವೆ. ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಿದವರಿಗೆ ಕಾರಣ ಗೊತ್ತು. ಒಳಗೆ ಬೆಚ್ಚಗಿರುತ್ತದೆಂದು ಹಲ್ಲಿ ಸೇರುತ್ತದೆ, ಕಾಂಟ್ಯಾಕ್ಟರಿನ ಸಂದಿಯಲ್ಲಿ ಇರುವೆ ಗೂಡು ಕಟ್ಟುತ್ತದೆ. ಒಂದು ಪರೀಕ್ಷಾ ಬೋರ್ಡಿನ ಮೇಲೆ ವೈ ಮತ್ತು ಬಿ ಟರ್ಮಿನಲ್‌ಗಳ ನಡುವೆ ಬೆನ್ನು ಕರಕಲಾದ ಹಲ್ಲಿಮರಿ ಅಂಟಿಕೊಂಡಿತ್ತು. ಆಗ ಅಲ್ಲಿ ಅಂತರ 4 ಮಿಲಿಮೀಟರ್ ಇತ್ತು.

ಹಾಕುವವರು ಮರೆಯಬಾರದ ವಿಷಯ ಒಂದಿದೆ. ಪವರ್ ಫ್ಯಾಕ್ಟರ್ ಸರಿಪಡಿಸಲು ಸ್ಟಾರ್ಟರಿನಲ್ಲಿ ಕೆಪಾಸಿಟರ್ ಕೂರಿಸಿದ್ದರೆ, ಸಿಟಿಯನ್ನು ಕೆಪಾಸಿಟರ್ ಆದ ಮೇಲೆ, ಮೋಟರಿನ ಕಡೆಗೆ ಹೋಗುವ ತಂತಿಗೆ ಹಾಕಬೇಕು. ಮುಂಚೆ ಹಾಕಿದರೆ ಕೆಪಾಸಿಟರ್ ಅಯಸ್ಕಾಂತದ ಪಾಲನ್ನು ಮರೆಮಾಡುತ್ತದೆ. ಒಣ ಮೋಟರಿನ ಕರೆಂಟ್ ವೋಲ್ಟೇಜಿಗಿಂತ ಮುಂದೆ ಓಡುವಂತೆ ಕಂಡರೆ ಸರದಿ ತಿರುಗಿದೆ ಎಂಬ ಸುಳ್ಳು ಎಚ್ಚರಿಕೆಯೂ ಬರಬಹುದು.

ಈಗ ಎಲ್ಲಿದ್ದೇವೆ, ಮುಂದೆ ಏನು

ಏಪ್ರಿಲ್ 12ರಿಂದ ಮೂರು ಬೋರುಗಳಲ್ಲಿ ಮರಿ ಬೋರ್ಡ್ ಸಮೇತ ಓಡುತ್ತಿದೆ. ಚಿಂತಾಮಣಿಯ ಅದೇ ಬೋರು ಇದುವರೆಗೆ 19 ಸಲ ಒಣಗಿದೆ, ಅದರಲ್ಲಿ 8 ರಾತ್ರಿ. ಎಲ್ಲ ಸಲವೂ ಎಂಟರಿಂದ ಹತ್ತು ಸೆಕೆಂಡಿನೊಳಗೆ ನಿಂತಿದೆ. ನೀರಿದ್ದೂ ನಿಂತದ್ದು ಒಂದು ಸಲ. ಗಾಳಿ ಮತ್ತು ನೀರು ಬೆರೆತು ಬರುವಾಗ ಕಿಲೋವ್ಯಾಟ್ ಕುಣಿಯಿತು. ಅದಕ್ಕೆ ಅವಧಿಯನ್ನು 12 ಸೆಕೆಂಡ್ ಮಾಡಿ ನೋಡುತ್ತಿದ್ದೇವೆ.

1.0ರಲ್ಲಿ ಮೂರು ವಿಷಯಕ್ಕೆ ಬೆಂಬಲ ಇರುವುದಿಲ್ಲ. ಸ್ಟಾರ್ ಡೆಲ್ಟಾ ಸ್ಟಾರ್ಟರ್, ಏಕೆಂದರೆ ಮೋಟರಿಗೆ ಹೋಗುವ ಆರು ತಂತಿಗಳಲ್ಲಿ ಸಿಟಿ ಹಾಕಿದರೆ ಸಿಗುವುದು ಲೈನಿನ ಕರೆಂಟ್ ಅಲ್ಲ. ಕೆಪಾಸಿಟರ್ ಕೊಟ್ಟು ಎರಡೇ ಫೇಸಿನಲ್ಲಿ ಮೋಟರ್ ಓಡಿಸುವ ಏರ್ಪಾಡು, ಏಕೆಂದರೆ ಅಲ್ಲಿ 90 ಡಿಗ್ರಿಯ ಲೆಕ್ಕವೇ ನಿಲ್ಲುವುದಿಲ್ಲ. ಮತ್ತೆ ಮೂರು ಫೇಸಿನ ಕರೆಂಟಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಧನ ತೀರ್ಮಾನ ಮಾಡುವುದಿಲ್ಲ, ಮೋಟರ್ ನಿಲ್ಲಿಸಿ ಎಸ್ಸೆಮ್ಮೆಸ್ ಕಳಿಸುತ್ತದೆ. ನಿಮ್ಮದು ಈ ಮೂರರಲ್ಲಿ ಒಂದಾಗಿದ್ದರೆ ಹಣ ವಾಪಸ್ ಕೇಳಿ, ಕೊಡುತ್ತೇವೆ. ಮೊಬೈಲ್ ಆ್ಯಪ್‌ನ ಗ್ರಾಫು ಮತ್ತು ಒಂದೇ ಸಿಮ್‌ನಲ್ಲಿ ಎರಡು ಮೋಟರ್ ನೋಡುವ ಸೌಲಭ್ಯವನ್ನು 1.0ರಿಂದ ತೆಗೆದು ಮುಂದಕ್ಕೆ ಹಾಕಿದ್ದೇವೆ. ಆ ಎರಡರ ಮೇಲೆ ಜನವರಿ ಪೂರ್ತಿ ಕಳೆದದ್ದೂ ಒಣ ಪರೀಕ್ಷೆಗೆ ಸಮಯ ಸಿಗದಿರಲು ಒಂದು ಕಾರಣ.

ಹೊಸ ತಾರೀಖು ಕೊಡುತ್ತಿಲ್ಲ, ಷರತ್ತು ಕೊಡುತ್ತಿದ್ದೇವೆ. ಆರು ಬೋರು, ಅದರಲ್ಲಿ ಮೂರಾದರೂ ವೈಂಡಿಂಗ್ ಆದ ಮೋಟರ್, ತಲಾ 21 ದಿನ, ಪ್ರತಿ ಬೋರಿನಲ್ಲೂ ರಾತ್ರಿ ಕನಿಷ್ಠ ಎರಡು ನಿಜವಾದ ಒಣ ನಿಲುಗಡೆ. ಒಂದೇ ಒಂದು ಸಲ ನಿಲ್ಲದೆ ಓಡಿದರೂ 21 ದಿನ ಮತ್ತೆ ಮೊದಲಿನಿಂದ. ಎಲ್ಲ ಸರಿಯಾಗಿ ನಡೆದರೆ ಜೂನ್ ಎರಡನೇ ವಾರಕ್ಕಿಂತ ಮುಂಚೆ ಆಗುವುದಿಲ್ಲ. ಪ್ರತಿ ಭಾನುವಾರ ಆರೂ ಬೋರುಗಳ ಲೆಕ್ಕ ಇಲ್ಲಿ ಹಾಕುತ್ತೇವೆ, ತಪ್ಪಿ ನಿಂತದ್ದನ್ನೂ ನಿಲ್ಲದೆ ಓಡಿದ್ದನ್ನೂ ಸೇರಿಸಿ.

ಇನ್ನೂ ಮೂರು ಬೋರು ಬೇಕಾಗಿದೆ. 5ರಿಂದ 10 ಎಚ್‌ಪಿ, ಡಿಓಎಲ್ ಸ್ಟಾರ್ಟರ್, ಬೇಸಿಗೆಯಲ್ಲಿ ಗಂಟೆಯೊಳಗೆ ಗಾಳಿ ಎಳೆಯುವ ಬೋರು ಇದ್ದವರು, ಮಾಲೂರು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯವರಾದರೆ ಒಳ್ಳೆಯದು, ಸ್ಟಾರ್ಟರ್ ಬಾಗಿಲು ತೆರೆದ ಫೋಟೋ ಒಂದನ್ನು ಕಳಿಸಿ. ಪರೀಕ್ಷೆಯ ಅವಧಿಯಲ್ಲಿ ನಮ್ಮಿಂದ ಮೋಟರಿಗೆ ಏನೇ ಆದರೂ ಎತ್ತಿ ಇಳಿಸುವ ಖರ್ಚು ನಮ್ಮದು. ಅದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟ ಮೇಲೆಯೇ ನಿಮ್ಮ ಸ್ಟಾರ್ಟರಿಗೆ ತಂತಿ ಸೇರಿಸುತ್ತೇವೆ.